ಡೀಲರ್ ಪುಟಗಳು: ಯಾವುದಕ್ಕೆ ಬೀಗ, ಯಾವುದಕ್ಕೆ ಬಾಗಿಲು

ಪ್ರಶ್ನೆ: ನಮ್ಮದು ಬೋರ್‌ವೆಲ್ ಮೋಟರ್, ಪಂಪ್‌ಸೆಟ್ ತಯಾರಿಸುವ ಕಂಪನಿ. ರಾಜ್ಯದಲ್ಲಿ 46 ಡೀಲರ್‌ಗಳಿದ್ದಾರೆ. 8 ಅಂಗಡಿಗಳು ನಮ್ಮದೇ ಬೋರ್ಡ್ ಇರುವ ಶೋರೂಂ, ಉಳಿದ 38 ಜನ ಬೇರೆ ಕಂಪನಿಗಳ ಮಾಲನ್ನೂ ಮಾರುತ್ತಾರೆ. ಗೂಗಲ್, ಫೇಸ್‌ಬುಕ್, ನಮ್ಮ ವೆಬ್‌ಸೈಟ್, ಎಲ್ಲ ಕಡೆ ಒಬ್ಬೊಬ್ಬರ ಪುಟ ಒಂದೊಂದು ಥರ. ಲೋಗೋ ಬಣ್ಣ ಬೇರೆ, ವಾರಂಟಿ ಬೇರೆ, ನಮ್ಮ ಹೆಸರಿನ ಕಾಗುಣಿತವೂ ಬೇರೆ. 30 ಪುಟದ ನಿಯಮಾವಳಿ ಕಳಿಸಿದರೆ ಯಾರೂ ಓದಲಿಲ್ಲ. ಎಲ್ಲ ನಾವೇ ಹಿಡಿದುಕೊಂಡರೆ ಅವರು ಏನೂ ಹಾಕುವುದಿಲ್ಲ. ಎಷ್ಟು ಬಿಗಿ ಮಾಡಬೇಕು, ಎಷ್ಟು ಬಿಡಬೇಕು?

ಉತ್ತರ: ಬಣ್ಣ, ಕಾಗುಣಿತಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಇತ್ಯರ್ಥವಾಗಬೇಕಾದದ್ದು ಪ್ರತಿ ಪುಟದ ಯಜಮಾನ ಯಾರು ಎಂಬುದು. ನಿಮ್ಮ ವೆಬ್‌ಸೈಟಿನಲ್ಲಿರುವ ಡೀಲರ್ ಪುಟ ಪೂರ್ತಿ ನಿಮ್ಮದು. 8 ಶೋರೂಂಗಳ ಗೂಗಲ್ ಪ್ರೊಫೈಲ್ ಕೂಡ ನಿಮ್ಮ ಹೆಸರಿನಲ್ಲೇ ಇರಬಹುದು. ಆದರೆ ಉಳಿದ 38 ಅಂಗಡಿಗಳ ಗೂಗಲ್ ಮತ್ತು ಫೇಸ್‌ಬುಕ್ ಪುಟ ಅವರವರ ಅಂಗಡಿಯದು. ಅಲ್ಲಿ ನಿಮ್ಮ ಕಂಪನಿ ಕಪಾಟಿನಲ್ಲಿರುವ ನಾಲ್ಕಾರು ಮಾಲುಗಳಲ್ಲಿ ಒಂದು, ಅಷ್ಟೆ. ಈ ಮೂರನ್ನೂ ಒಂದೇ ನಿಯಮಾವಳಿಯಲ್ಲಿ ಕಟ್ಟಿದ್ದರಿಂದಲೇ ಅದು 30 ಪುಟವಾಗಿದೆ. ಬೇರೆ ಮಾಡಿದರೆ ಡೀಲರ್ ಕೈಗೆ ಕೊಡಬೇಕಾದದ್ದು ಎರಡು ಪುಟಕ್ಕೆ ಇಳಿಯುತ್ತದೆ. ಉಳಿದದ್ದನ್ನು ಅವರು ಓದಬೇಕಾಗಿಯೇ ಇಲ್ಲ, ಅದು ಅವರು ಪುಟದ ವಿವರ ತುಂಬುವ ಫಾರಂನೊಳಗೇ ಇರುತ್ತದೆ.

ಹೆಸರು ಮತ್ತು ಒಡೆತನ

ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ನಿಯಮ ಇಲ್ಲಿ ನಿಮ್ಮ ಕೆಲಸವನ್ನು ಅರ್ಧ ಮುಗಿಸಿಕೊಡುತ್ತದೆ. ಅಂಗಡಿಗೆ ಹೊರಗೆ ಯಾವ ಹೆಸರಿದೆಯೋ, ಬೋರ್ಡಿನಲ್ಲಿ, ಬಿಲ್ಲಿನಲ್ಲಿ ಏನಿದೆಯೋ ಅದೇ ಪ್ರೊಫೈಲಿನ ಹೆಸರಾಗಬೇಕು. ಬೇರೆಯವರ ಮಾಲು ಮಾರುವ ಅಂಗಡಿ ತನ್ನ ಹೆಸರನ್ನಷ್ಟೇ ಹಾಕಬೇಕು, ಮಾಲಿನ ಬ್ರ್ಯಾಂಡ್ ಹೆಸರನ್ನು ಜೋಡಿಸುವಂತಿಲ್ಲ. ಅಧಿಕೃತ ಮಾರಾಟಗಾರನಾಗಿದ್ದು ಇಡೀ ಅಂಗಡಿಯೇ ಆ ಬ್ರ್ಯಾಂಡಿನದಾಗಿದ್ದರೆ ಮಾತ್ರ ಬ್ರ್ಯಾಂಡ್ ಹೆಸರು ಬಳಸಬಹುದು. ಅಂದರೆ 8 ಶೋರೂಂಗಳಿಗೆ ನಿಮ್ಮ ಹೆಸರು, 38 ಅಂಗಡಿಗಳಿಗೆ ಅವರ ಹೆಸರು. 'ಕಂಪನಿ ಹೆಸರು, ಬೋರ್‌ವೆಲ್ ಮೋಟರ್, ರಾಣೆಬೆನ್ನೂರು, ಕಡಿಮೆ ದರ' ಎಂದು ಉದ್ದಕ್ಕೆ ಪೋಣಿಸಿದ ಹೆಸರುಗಳಿದ್ದರೆ ಈಗಲೇ ತೆಗೆಸಿ. ಎದುರು ಅಂಗಡಿಯವರು 'ಎಡಿಟ್ ಸೂಚಿಸಿ' ಒತ್ತಿದರೂ ಸಾಕು, ಹೆಸರು ಬದಲಾಗಬಹುದು. ಕೆಲವೊಮ್ಮೆ ಪ್ರೊಫೈಲೇ ಅಮಾನತಾಗುತ್ತದೆ, ಅದು ಮರಳಿ ಬರುವವರೆಗೆ ಮ್ಯಾಪಿನಲ್ಲಿ ಅಂಗಡಿ ಕಾಣುವುದಿಲ್ಲ.

8 ಶೋರೂಂಗಳಲ್ಲಿ ಪ್ರೈಮರಿ ಓನರ್ ಯಾರು ಎಂದು ಒಂದೊಂದಾಗಿ ನೋಡಿ. ಬಹಳ ಕಡೆ ಅದು ಡೀಲರ್ ಮಗನ ಸ್ವಂತ ಜಿಮೇಲ್ ಆಗಿರುತ್ತದೆ, ಇಲ್ಲವೇ ಕೆಲಸ ಬಿಟ್ಟುಹೋದ ಸೇಲ್ಸ್ ಹುಡುಗನದು. ಪ್ರೈಮರಿ ಓನರ್ ಕಂಪನಿಯ ಖಾತೆಯೇ ಆಗಿರಲಿ, ಅದೂ ಒಬ್ಬ ಉದ್ಯೋಗಿಯ ಹೆಸರಿನದಲ್ಲ, ವಿಭಾಗದ ಹೆಸರಿನ ಖಾತೆ. ಡೀಲರ್‌ಗೆ ಮ್ಯಾನೇಜರ್ ಹಕ್ಕು ಕೊಡಿ. ಮ್ಯಾನೇಜರ್ ಫೋಟೋ ಹಾಕಬಹುದು, ಪೋಸ್ಟ್ ಮಾಡಬಹುದು, ರಿವ್ಯೂಗೆ ಉತ್ತರಿಸಬಹುದು, ಸಮಯ ಬದಲಿಸಬಹುದು. ಇತರರನ್ನು ಸೇರಿಸುವುದು, ತೆಗೆಯುವುದು, ಪ್ರೊಫೈಲ್ ಅಳಿಸುವುದು ಆಗುವುದಿಲ್ಲ. ದಿನದಿನದ ಕೆಲಸಕ್ಕೆ ಇಷ್ಟು ಧಾರಾಳ. ಹೊಸದಾಗಿ ಸೇರಿದ ಓನರ್‌ಗೆ ಮೊದಲ 7 ದಿನ ಪ್ರೈಮರಿ ಹಕ್ಕು ವರ್ಗಾಯಿಸಲು ಬರುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಹಬ್ಬದ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ.

ಒಟ್ಟಿಗೇ ವೆರಿಫೈ ಮಾಡಿಸುವ ಸೌಲಭ್ಯ 10 ಅಥವಾ ಹೆಚ್ಚು ಅಂಗಡಿಗಳಿರುವ ಸಂಸ್ಥೆಗೆ ಸಿಗುತ್ತದೆ. ನಿಮ್ಮವು 8. ಲೆಕ್ಕ ತುಂಬಿಸಲು 38ರಲ್ಲಿ ಎರಡನ್ನು ಸೇರಿಸುವ ಆಸೆ ಬರುತ್ತದೆ, ಬೇಡ. ಅವು ನಿಮ್ಮ ಅಂಗಡಿಗಳಲ್ಲ. ಒಂದೊಂದನ್ನೇ ವಿಡಿಯೋ ಮೂಲಕ ಮಾಡಿಸಿ. ರಸ್ತೆಯಿಂದ ಶುರುಮಾಡಿ ಅಕ್ಕಪಕ್ಕದ ಗುರುತು, ಬೋರ್ಡ್, ಆಮೇಲೆ ಬೀಗ ತೆಗೆಯುವುದು ಅಥವಾ ಗಲ್ಲಾದ ಹಿಂದೆ ಹೋಗುವುದು, ಎಲ್ಲವೂ ನಿಲ್ಲಿಸದ ಒಂದೇ ವಿಡಿಯೋದಲ್ಲಿ ಬರಬೇಕು. ಬೋರ್ಡಿನ ವಿಷಯದಲ್ಲಿ ಇನ್ನೊಂದು ಮಾತಿದೆ. 2024ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು. ಬೋರ್ಡ್ ಬದಲಿಸಿದ ಡೀಲರ್‌ಗಳ ಪ್ರೊಫೈಲಿನಲ್ಲಿ ಹಳೆಯ ಬೋರ್ಡಿನ ಫೋಟೋ ಉಳಿದಿದ್ದರೆ ಹೊಸದನ್ನು ಹಾಕಿಸಿ. ಹಳ್ಳಿಯಿಂದ ಬಂದವರು ಆ ಫೋಟೋ ನೋಡಿಕೊಂಡೇ ಅಂಗಡಿ ಹುಡುಕುತ್ತಾರೆ.

38 ಅಂಗಡಿಗಳಲ್ಲಿ ನಿಮಗೆ ಇಷ್ಟು ಹಕ್ಕಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ. ಅವರ ಪುಟದಲ್ಲಿ ನಿಮ್ಮ ಲೋಗೋ, ಮಾದರಿ ಸಂಖ್ಯೆ, ವಾರಂಟಿ, ಬೆಲೆ ಈ ನಾಲ್ಕು ಸರಿಯಾಗಿದ್ದರೆ ಸಾಕು. ಇದನ್ನು ಡೀಲರ್ ಕರಾರಿನ ಅನುಬಂಧದಲ್ಲಿ ಅರ್ಧ ಪುಟದಲ್ಲಿ ಬರೆಯಿರಿ.

ವೆಬ್‌ಸೈಟಿನ ಪುಟ: ಊರಿಗೊಂದು, ಡೀಲರ್‌ಗೊಂದಲ್ಲ

ನಿಮ್ಮ ವೆಬ್‌ಸೈಟಿನಲ್ಲಿ ಪುಟದ ವಿಳಾಸಕ್ಕೆ ಡೀಲರ್ ಹೆಸರಿಡಬೇಡಿ, ಊರಿನ ಹೆಸರಿಡಿ. `/dealers/haveri/ranebennur` ಹೀಗೆ. ಕ್ಯಾಲೆಂಡರ್, ಪಂಪಿನ ಡಬ್ಬ, ಗೋಡೆ ಬರಹಗಳ ಮೇಲೆ ಒಮ್ಮೆ ಅಚ್ಚಾದ ಕ್ಯೂಆರ್ ಕೋಡ್ ಐದಾರು ವರ್ಷ ಊರಲ್ಲೇ ಇರುತ್ತದೆ. ಅಷ್ಟರಲ್ಲಿ ಡೀಲರ್ ಬದಲಾಗಿರಬಹುದು. ವಿಳಾಸ ಊರಿನದಾದರೆ ಒಳಗಿನ ವಿವರ ಮಾತ್ರ ಬದಲಿಸಿದರಾಯಿತು, ಕೋಡ್ ಕೆಡುವುದಿಲ್ಲ. ಒಂದೇ ಊರಿನಲ್ಲಿ ಇಬ್ಬರಿದ್ದರೆ ಊರ ಪುಟದಲ್ಲಿ ಇಬ್ಬರೂ ಕಾಣಲಿ. ಗ್ರಾಹಕರು ಆರಿಸಿಕೊಳ್ಳುತ್ತಾರೆ, ಜಗಳವೂ ತಪ್ಪುತ್ತದೆ.

ಪುಟದ ಒಳಗಿನ ಜಾಗಗಳನ್ನು ಮೂರು ಬಗೆಯಾಗಿ ಮಾಡಿ. ಮೊದಲನೆಯದು ಬೀಗ ಹಾಕಿದವು: ಲೋಗೋ, ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಕಂಪನಿ ಹೆಸರು, ಮಾದರಿಗಳ ಹೆಸರು ಮತ್ತು ಅಂಕಿಅಂಶ, ಕಂಪನಿ ವಾರಂಟಿ, ಐಎಸ್‌ಐ ಗುರುತಿನ ಉಲ್ಲೇಖ. ಇವು ನಿಮ್ಮ ಮೂಲ ಪಟ್ಟಿಯಿಂದ ತಾವಾಗಿ ಬಂದು ಕೂರಬೇಕು. ಡೀಲರ್ ಟೈಪ್ ಮಾಡುವ ಜಾಗವೇ ಅಲ್ಲಿ ಇರಬಾರದು. ಎರಡನೆಯದು ಪಟ್ಟಿಯಿಂದ ಆರಿಸುವವು: ಅಂಗಡಿಯಲ್ಲಿ ಯಾವ ಮಾದರಿಗಳಿವೆ, ರೀವೈಂಡಿಂಗ್ ಉಂಟೇ, ಮೋಟರ್ ಎತ್ತುವ ಕ್ರೇನ್ ಗಾಡಿ ಉಂಟೇ, ಯಾವ ಭಾಷೆ ಮಾತಾಡುತ್ತಾರೆ, ಯಾವ ತಾಲ್ಲೂಕುಗಳಿಗೆ ಮೆಕ್ಯಾನಿಕ್ ಹೋಗುತ್ತಾನೆ. ಮೂರನೆಯದು ಪೂರ್ತಿ ಬಿಟ್ಟವು: ಅಂಗಡಿಗೆ ಬರುವ ದಾರಿ, ಈ ಹಂಗಾಮಿನ ಮಾತು, ಊರಿನ ಫೋಟೋಗಳು, ಡೀಲರ್‌ನ ಸ್ವಂತ ಭರವಸೆ.

ಯಾವುದನ್ನು ಯಾವ ಬಗೆಗೆ ಹಾಕಬೇಕು ಎಂಬ ಅನುಮಾನ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಇದು ತಪ್ಪಾದರೆ ಉಳಿದ 45 ಅಂಗಡಿಗಳಿಗೂ ಏಟು ಬೀಳುತ್ತದೆಯೇ, ಇಲ್ಲ ಈ ಒಂದು ಅಂಗಡಿಯಲ್ಲೇ ಮುಗಿಯುತ್ತದೆಯೇ? ರಾಣೆಬೆನ್ನೂರಿನಲ್ಲಿ ಬರೆದ ವಾರಂಟಿಯನ್ನು ಗದಗದ ಗ್ರಾಹಕರೂ ತೋರಿಸಿ ಕೇಳುತ್ತಾರೆ, ಅದಕ್ಕೆ ಬೀಗ ಬೇಕು. ದಾರಿಯ ಗುರುತು ತಪ್ಪಾದರೆ ಆ ಅಂಗಡಿಗೇ ನಷ್ಟ, ಅವರೇ ಸರಿಮಾಡಿಕೊಳ್ಳುತ್ತಾರೆ, ಬಿಟ್ಟುಬಿಡಿ.

ಡೀಲರ್‌ನ ಸ್ವಂತ ಭರವಸೆ ಎಂಬ ಜಾಗವನ್ನು ಬಹಳ ಕಂಪನಿಗಳು ಇಡುವುದೇ ಇಲ್ಲ. ಹೆಚ್ಚಿನ ತಂಟೆ ಹುಟ್ಟುವುದೂ ಅದರಿಂದಲೇ. ಕಂಪನಿ ವಾರಂಟಿ 12 ತಿಂಗಳು ಎಂದಿಟ್ಟುಕೊಳ್ಳಿ. ಡೀಲರ್ ತನ್ನ ಖರ್ಚಿನಲ್ಲಿ ಇನ್ನೂ 6 ತಿಂಗಳು ಕೂಲಿ ತೆಗೆದುಕೊಳ್ಳದೆ ರಿಪೇರಿ ಮಾಡಿಕೊಡುತ್ತಾನೆ. ಅದನ್ನು ಹೇಳಿಕೊಳ್ಳಲು ಬೇರೆ ಜಾಗವಿಲ್ಲದ್ದರಿಂದ '18 ತಿಂಗಳ ವಾರಂಟಿ' ಎಂದು ಲೋಗೋ ಪಕ್ಕದಲ್ಲೇ ಬರೆಯುತ್ತಾನೆ. ಅವನ ಉದ್ದೇಶದಲ್ಲಿ ಸುಳ್ಳಿಲ್ಲ, ಓದುವವರಿಗೆ ಮಾತ್ರ ಅದು ಕಂಪನಿಯ ಮಾತಾಗಿ ಕಾಣುತ್ತದೆ. ಹದಿನೈದನೇ ತಿಂಗಳು ವೈಂಡಿಂಗ್ ಸುಟ್ಟಾಗ ಗ್ರಾಹಕ ಆಯೋಗದ ಮುಂದೆ ಬರುವುದು ಆ ಪುಟದ ಸ್ಕ್ರೀನ್‌ಶಾಟ್. ಅದರ ಬದಲು 'ನಮ್ಮ ಅಂಗಡಿಯಿಂದ' ಎಂಬ ತಲೆಬರಹದ ಬೇರೆ ಚೌಕ ಕೊಡಿ. ಕೆಳಗೆ ಅಂಗಡಿಯ ಹೆಸರು ತಾನಾಗಿ ಬರಲಿ. 'ಕಂಪನಿ ವಾರಂಟಿ 12 ತಿಂಗಳು. ಅದು ಮುಗಿದ ಮೇಲೆ 6 ತಿಂಗಳು ನಮ್ಮ ಅಂಗಡಿಯಲ್ಲಿ ರಿಪೇರಿ ಕೂಲಿ ಇಲ್ಲ, ಬಿಡಿಭಾಗದ ಹಣ ಮಾತ್ರ.' ಡೀಲರ್‌ಗೆ ತನ್ನ ಹೆಚ್ಚುಗಾರಿಕೆ ಹೇಳಿಕೊಂಡ ತೃಪ್ತಿ, ನಿಮಗೆ ಯಾರ ಮಾತು ಯಾರದು ಎಂಬ ಸ್ಪಷ್ಟತೆ.

ಒಂದು ಪುಟ ಮಾಡಿ ನೋಡೋಣ

ರಾಣೆಬೆನ್ನೂರಿನ ಒಂದು ಅಂಗಡಿ ಎಂದುಕೊಳ್ಳಿ. ಈಗಿರುವ ಪುಟದಲ್ಲಿ ಸಾಮಾನ್ಯವಾಗಿ ಇಂಥದ್ದೊಂದು ಪ್ಯಾರಾ ಇರುತ್ತದೆ: 'ರಾಣೆಬೆನ್ನೂರಿನಲ್ಲಿ ಉತ್ಕೃಷ್ಟ ಗುಣಮಟ್ಟದ ಪಂಪ್‌ಸೆಟ್‌ಗಳಿಗಾಗಿ ಸಂಪರ್ಕಿಸಿ.' ಊರಿನ ಹೆಸರು ಬದಲಿಸಿದರೆ ಇದೇ ಪ್ಯಾರಾ ಹಾವೇರಿಗೂ ಸರಿ, ಹಿರೇಕೆರೂರಿಗೂ ಸರಿ. ಊರ ಹೆಸರಷ್ಟೇ ಬದಲಿಸಿ ಸಾಲು ಸಾಲು ಪುಟ ಹಾಕುವುದನ್ನು ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲೇ ಹೆಸರಿಸಿದೆ. ಅದಕ್ಕಿಂತ ಹೆಚ್ಚಾಗಿ, ಆ ಪುಟ ತೆರೆದ ರೈತನಿಗೆ ಅಲ್ಲಿ ಏನೂ ಸಿಗುವುದಿಲ್ಲ.

ಖಾಲಿ ಚೌಕ ಕೊಟ್ಟು 'ನಿಮ್ಮ ಅಂಗಡಿ ಬಗ್ಗೆ ಬರೆಯಿರಿ' ಎಂದರೆ ಡೀಲರ್ ಬರೆಯುವುದಿಲ್ಲ. ಬರೆದರೂ ಮೇಲಿನ ವಾಕ್ಯವನ್ನೇ ಬರೆಯುತ್ತಾನೆ. ಬದಲು ವಾಟ್ಸಾಪಿನಲ್ಲಿ ಐದು ಪ್ರಶ್ನೆ ಕಳಿಸಿ, ಉತ್ತರವನ್ನು ವಾಯ್ಸ್ ಮೆಸೇಜಿನಲ್ಲಿ ಕೇಳಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ನಿಮ್ಮ ಅಂಗಡಿಗೆ ಹೇಗೆ ಬರಬೇಕು? ಮೋಟರ್ ಸುಟ್ಟಿದೆ ಎಂದು ಫೋನ್ ಬಂದರೆ ಯಾರು, ಎಷ್ಟು ಹೊತ್ತಿಗೆ ಹೋಗುತ್ತಾರೆ, ಎಲ್ಲಿವರೆಗೆ ಹೋಗುತ್ತಾರೆ? ಈ ತಿಂಗಳು ಜನ ಹೆಚ್ಚು ಕೇಳುತ್ತಿರುವುದು ಏನು? ಅಂಗಡಿಗೆ ಬರುವಾಗ ಏನು ತಂದರೆ ಕೆಲಸ ಬೇಗ ಆಗುತ್ತದೆ? ವಾರದ ರಜೆ, ಸಂತೆಯ ದಿನದ ಸಮಯ ಹೇಗೆ? ಒಟ್ಟು ಐದು ನಿಮಿಷದ ಮಾತು. ಅದನ್ನು ನಿಮ್ಮಲ್ಲೊಬ್ಬರು ಬರಹಕ್ಕಿಳಿಸಿ, ಡೀಲರ್‌ಗೆ ತೋರಿಸಿ, ಹಾಕಬೇಕು. ಒಂದು ಪುಟಕ್ಕೆ ಒಂದು ಗಂಟೆ ಹಿಡಿದರೂ 46 ಪುಟ ಒಬ್ಬರಿಗೆ ಸುಮಾರು ಆರು ದಿನದ ಕೆಲಸ.

ಆಗ ಪುಟ ಹೀಗಾಗುತ್ತದೆ: 'ಹಳೆ ಪಿ.ಬಿ. ರಸ್ತೆಯಲ್ಲೇ ಅಂಗಡಿ, ಮುಂದೆ ಟ್ರ್ಯಾಕ್ಟರ್ ನಿಲ್ಲಿಸಲು ಜಾಗ ಇದೆ. ಮಧ್ಯಾಹ್ನ 12ರೊಳಗೆ ಫೋನ್ ಮಾಡಿದರೆ ಅವತ್ತೇ ಮೆಕ್ಯಾನಿಕ್ ಬರುತ್ತಾರೆ, ಮೋಟರ್ ಎತ್ತಲು ಗಾಡಿಯೂ ನಮ್ಮದೇ. ಹಳೇ ಮೋಟರಿನ ನೇಮ್‌ಪ್ಲೇಟಿನ ಫೋಟೋ, ಬೋರಿನ ಆಳ, ಎಷ್ಟು ಪೈಪು ಇಳಿಸಿದೆ ಎಂಬ ಲೆಕ್ಕ ತನ್ನಿ.' ಇದನ್ನು ಹೆಡ್ ಆಫೀಸಿನಲ್ಲಿ ಕೂತು ಯಾರೂ ಬರೆಯಲಾರರು. ಹಿರೇಕೆರೂರಿನ ಪುಟಕ್ಕೆ ನಕಲು ಮಾಡಲೂ ಬರುವುದಿಲ್ಲ. ಡೀಲರ್ ತನ್ನ ಆಡುಮಾತಿನಲ್ಲಿ ಹೇಳಿದ್ದನ್ನು ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ. ಅವರು 'ಮೋಟ್ರು' ಎಂದರೆ ಹಾಗೆಯೇ ಇರಲಿ. ರೈತರು ಫೋನಿನಲ್ಲಿ ಹುಡುಕುವುದೂ ಬೋರ್‌ವೆಲ್ ಮೋಟರ್ ಎಂದೇ ಹೊರತು ಸಬ್‌ಮರ್ಸಿಬಲ್ ಪಂಪ್ ಎಂದಲ್ಲ.

ಹೆಸರು, ವಿಳಾಸ, ಫೋನ್, ಸಮಯ ಈ ನಾಲ್ಕನ್ನು ಒಂದೇ ಕೋಷ್ಟಕದಲ್ಲಿಡಿ. ಕಣ್ಣಿಗೆ ಕಾಣುವ ಪುಟಕ್ಕೂ ಹುಡುಕು ಯಂತ್ರ ಓದುವ ಭಾಗಕ್ಕೂ ವಿವರ ಅಲ್ಲಿಂದಲೇ ಹೋಗಲಿ. ಎರಡು ಕಡೆ ಟೈಪ್ ಮಾಡಿದರೆ ಆರು ತಿಂಗಳಲ್ಲಿ ಎರಡು ಫೋನ್ ನಂಬರ್ ಆಗಿರುತ್ತವೆ. ಹುಡುಕು ಯಂತ್ರಕ್ಕೆ ಇಷ್ಟು ಸಾಕು:

```json
{
  "@context": "https://schema.org",
  "@type": "Store",
  "name": "ಬೋರ್ಡಿನಲ್ಲಿರುವ ಅಂಗಡಿ ಹೆಸರು",
  "url": "https://www.example.com/dealers/haveri/ranebennur",
  "telephone": "+91XXXXXXXXXX",
  "address": {
    "@type": "PostalAddress",
    "addressLocality": "ರಾಣೆಬೆನ್ನೂರು",
    "postalCode": "581115",
    "addressCountry": "IN"
  },
  "openingHours": "Mo-Sa 09:30-19:30"
}
```

ಫೋನ್ ನಂಬರ್ ಅಂಗಡಿಯದೇ ಇರಲಿ, ಕಂಪನಿಯ ಟೋಲ್‌ಫ್ರೀ ಅಲ್ಲ. ಮೋಟರ್ ನಿಂತು ಬೆಳೆ ಒಣಗುತ್ತಿರುವಾಗ ಬೆಂಗಳೂರಿನ ಕಾಲ್‌ಸೆಂಟರ್‌ಗೆ ಊರಿನ ಹೆಸರು ಬಿಡಿಸಿ ಹೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಬೀಗ ಬಿಗಿಯಾಗಿರಬೇಕಾದ ಜಾಗ

ನಿಮ್ಮ ಪತ್ರದಲ್ಲಿ ಲೋಗೋ ಬಣ್ಣ ಮೊದಲು ಬಂದಿದೆ, ವಾರಂಟಿ ಆಮೇಲೆ. ಆ ಕ್ರಮವನ್ನು ತಿರುಗಿಸಿ. ಬಣ್ಣ ಮಾಸಿದರೆ ಕಣ್ಣಿಗೆ ಬೇಸರ, ಅಷ್ಟೇ. ಮಾತು ತಪ್ಪಿದರೆ ಗ್ರಾಹಕರ ಹಣ ಹೋಗುತ್ತದೆ.

ಪಂಪಿನ ವ್ಯಾಪಾರದಲ್ಲಿ ದಿನವೂ ಕಾಣುವ ಒಂದು ತಪ್ಪು ನೋಡಿ. ಡೀಲರ್ '500 ಅಡಿ ಬೋರಿಗೆ ಈ ಮೋಟರ್ ಸಾಕು' ಎಂದು ಹಾಕುತ್ತಾನೆ. ಅವನ ಅನುಭವದಲ್ಲಿ ಅದು ನಿಜವೂ ಇರಬಹುದು. ಆದರೆ ಪಂಪು ಕೆಲಸ ಮಾಡುವುದು ಬೋರಿನ ಆಳದ ಮೇಲಲ್ಲ, ಹೆಡ್ ಮೇಲೆ. ಬೋರು 500 ಅಡಿ ಇದ್ದು, ಮೋಟರ್ ಓಡುವಾಗ ನೀರು 250 ಅಡಿಯಲ್ಲಿ ನಿಲ್ಲುತ್ತದೆ, ಮೇಲೆ ತೊಟ್ಟಿ 20 ಅಡಿ ಎತ್ತರದಲ್ಲಿದೆ ಎಂದರೆ ಎತ್ತಬೇಕಾದದ್ದು 270 ಅಡಿ, ಅಂದರೆ ಸುಮಾರು 82 ಮೀಟರ್. ಅದಕ್ಕೆ ಪೈಪಿನ ಘರ್ಷಣೆಯದೊಂದಿಷ್ಟು ಸೇರುತ್ತದೆ. ಪಕ್ಕದ ತಾಲ್ಲೂಕಿನಲ್ಲಿ ಅದೇ 500 ಅಡಿ ಬೋರಿನಲ್ಲಿ ನೀರು 420 ಅಡಿಗೆ ಇಳಿದಿದ್ದರೆ ಎತ್ತಬೇಕಾದದ್ದು 440 ಅಡಿ, ಸುಮಾರು 134 ಮೀಟರ್. ಅದೇ ಮೋಟರ್ ಅಲ್ಲಿ ನೀರು ಎತ್ತುವುದೇ ಇಲ್ಲ. ಆದ್ದರಿಂದ ಹೆಡ್, ನೀರಿನ ಪ್ರಮಾಣ, ಎಚ್‌ಪಿ ಮೂರೂ ಮಾದರಿಯ ಪಟ್ಟಿಯಿಂದ ಮಾತ್ರ ಬರಲಿ. ಮೀಟರಿನ ಪಕ್ಕ ಅಡಿಯ ಲೆಕ್ಕವೂ ಇರಲಿ, ಏಕೆಂದರೆ ಹೊಲದಲ್ಲಿ ಯಾರೂ ಮೀಟರಿನಲ್ಲಿ ಮಾತಾಡುವುದಿಲ್ಲ. ಅದಿಲ್ಲದಿದ್ದರೆ ಡೀಲರ್ ತಾನೇ ಲೆಕ್ಕ ಹಾಕಿ ಬರೆಯುತ್ತಾನೆ.

ಐಎಸ್‌ಐ ಗುರುತು ಇದೇ ಥರದ್ದು. ಬೋರ್‌ವೆಲ್ ಪಂಪ್‌ಸೆಟ್‌ಗೆ ಐಎಸ್ 8034, ತೆರೆದ ಬಾವಿಯ ಸಬ್‌ಮರ್ಸಿಬಲ್‌ಗೆ ಐಎಸ್ 14220 ಎಂದು ಮಾನಕ ಬೇರೆ ಬೇರೆ. ಲೈಸೆನ್ಸ್ ಯಾವ ಮಾದರಿಗಳಿಗಿದೆಯೋ ಅವಕ್ಕಷ್ಟೇ ಗುರುತು ಹಾಕಬಹುದು. ಪುಟದ ನೆತ್ತಿಯ ಮೇಲೆ ಒಂದೇ ಐಎಸ್‌ಐ ಚಿತ್ರ ಹಾಕಿದರೆ ಅಂಗಡಿಯ ಎಲ್ಲ ಮಾಲಿಗೂ ಇದೆ ಎಂಬ ಅರ್ಥ ಬರುತ್ತದೆ. ಮಾದರಿಯ ಜೊತೆಗೇ ಅದು ಬರಲಿ, ಬೇರೆ ಚಿತ್ರವಾಗಿ ಡೀಲರ್ ಕೈಗೆ ಸಿಗದಿರಲಿ.

ಸಬ್ಸಿಡಿಯ ಪೋಸ್ಟುಗಳನ್ನು ಮಾತ್ರ ನೀವೇ ಮಾಡಿ ಕೊಡಿ. ಸೋಲಾರ್ ಪಂಪಿನ ಯೋಜನೆಯ ಮಾತು ಬಂದೊಡನೆ ಪ್ರಧಾನಿಯವರ ಫೋಟೋ, ಸರ್ಕಾರದ ಲಾಂಛನ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಪ್ರಧಾನಿಯ ಹೆಸರು, ಚಿತ್ರಗಳನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ರಾಷ್ಟ್ರಲಾಂಛನಕ್ಕೆ 2005ರ ಬೇರೆ ಕಾಯ್ದೆ ಇದೆ. ಡೀಲರ್‌ಗೆ ಇದು ಗೊತ್ತಿರುವುದಿಲ್ಲ, ಗೊತ್ತಿರಲಿ ಎಂದು ನಿರೀಕ್ಷಿಸುವುದೂ ಸರಿಯಲ್ಲ.

ರಿಯಾಯಿತಿಯ ಷರತ್ತುಗಳೂ ಅಷ್ಟೆ. ದಾರಿತಪ್ಪಿಸುವ ಜಾಹೀರಾತುಗಳ ಕುರಿತ 2022ರ ಮಾರ್ಗಸೂಚಿ ಪ್ರಕಾರ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಫಾಂಟಿನಲ್ಲಿರಬೇಕು. 'ಪಂಪ್ ಕೊಂಡರೆ ಕೇಬಲ್ ಉಚಿತ' ಎಂದು ಕನ್ನಡದಲ್ಲಿ ದೊಡ್ಡದಾಗಿ ಹಾಕಿ, ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಷರತ್ತು ಅನ್ವಯ ಎಂದು ಬರೆಯುವುದು ಈಗ ನಡೆಯುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ತಯಾರಕರಿಗೇ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಹಬ್ಬದ ಪೋಸ್ಟರ್ ಮಾದರಿಯಲ್ಲಿ ಷರತ್ತಿನ ಸಾಲು ಮೊದಲೇ ಕನ್ನಡದಲ್ಲಿ ಕೂತಿರಲಿ, ಅದಕ್ಕೂ ಬೀಗ.

ಕನ್ನಡ ಅಕ್ಷರದ ತಂಟೆ

ಕಾಗುಣಿತ ಬೇರೆ ಬೇರೆ ಆಗುವುದಕ್ಕೆ ಡೀಲರ್‌ನ ಅಸಡ್ಡೆ ಕಾರಣವಲ್ಲ. ಅವರ ಪೋಸ್ಟರ್ ತಯಾರಾಗುವುದು ಊರಿನ ಡಿಟಿಪಿ ಅಂಗಡಿಯಲ್ಲಿ, ಕೋರೆಲ್‌ಡ್ರಾದಲ್ಲಿ, ನುಡಿಯ ಹಳೆಯ ಫಾಂಟಿನಲ್ಲಿ. ಅಲ್ಲಿಂದ ಕಾಪಿ ಮಾಡಿ ಫೇಸ್‌ಬುಕ್ಕಿಗೋ ನಿಮ್ಮ ಫಾರಂಗೋ ಹಾಕಿದರೆ 'ಕನ್ನಡ' ಎಂಬುದು `PÀ£ÀßqÀ` ಎಂದು ಬೀಳುತ್ತದೆ. ಆಗ ಅವಸರದಲ್ಲಿ ಫೋನಿನಲ್ಲಿ ಮತ್ತೆ ಟೈಪ್ ಮಾಡುತ್ತಾರೆ, ಹೆಸರು ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ.

ಇದಕ್ಕೆ ಮದ್ದು ಎರಡು. ನಿಮ್ಮ ಕಂಪನಿ ಹೆಸರನ್ನು ಕನ್ನಡದಲ್ಲಿ ಒಂದೇ ರೂಪಕ್ಕೆ ತಂದು, ಲೋಗೋದ ಜೊತೆ ಚಿತ್ರವಾಗಿ ಕೊಡಿ. ಕೋರೆಲ್ ಫೈಲಿನಲ್ಲಿ ಅಕ್ಷರಗಳನ್ನು ಕರ್ವ್‌ಗೆ ಪರಿವರ್ತಿಸಿರಬೇಕು, ಆಗ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಕೆಡುವುದಿಲ್ಲ. ಪರದೆಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ ಬೇರೆ ಕೊಡಿ. ಫ್ಲೆಕ್ಸ್‌ಗೆ ಮಾಡಿದ ಫೈಲನ್ನೇ ಫೇಸ್‌ಬುಕ್ಕಿಗೆ ಹಾಕಿದಾಗ ಬಣ್ಣ ಬೇರೆಯಾಗುತ್ತದೆ, ನೀವು ನೋಡುತ್ತಿರುವ ಬಣ್ಣ ಬದಲಾವಣೆಯ ಬಹುಪಾಲು ಅಲ್ಲಿಂದಲೇ ಬಂದಿರುತ್ತದೆ. ಎರಡನೆಯದಾಗಿ, ಆ ಡಿಟಿಪಿ ಅಂಗಡಿಯವರ ವಾಟ್ಸಾಪ್ ನಂಬರನ್ನೂ ಡೀಲರ್‌ನಿಂದ ಪಡೆದು ಫೈಲುಗಳನ್ನು ನೇರ ಅವರಿಗೇ ಕಳಿಸಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು.

ನಿಮ್ಮ ವೆಬ್‌ಸೈಟ್ ಇಂಗ್ಲಿಷಿಗೆಂದು ಮಾಡಿದ ಅಚ್ಚಾಗಿದ್ದರೆ ಕನ್ನಡ ಹಾಕಿದಾಗ ಒತ್ತಕ್ಷರಗಳ ಬಾಲ ಕತ್ತರಿಸಿದಂತೆ ಕಾಣುತ್ತದೆ. ಕನ್ನಡ ಪ್ಯಾರಾಗಳಿಗೆ `line-height: 1.6` ಕೊಡಿ, ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ. ಬಟನ್ನುಗಳ ಅಗಲ ಪದಕ್ಕೆ ತಕ್ಕಂತೆ ಬೆಳೆಯುವಂತಿರಲಿ.

ಒಪ್ಪಿಗೆ ಮತ್ತು ಪರಿಶೀಲನೆ

ಎಲ್ಲಕ್ಕೂ ಒಪ್ಪಿಗೆ ಬೇಕು ಎಂದರೆ ಆಯುಧಪೂಜೆಯ ಪೋಸ್ಟ್ ದೀಪಾವಳಿಗೆ ಬರುತ್ತದೆ. ಅಂಗಡಿಯ ಪೂಜೆ, ಜಾತ್ರೆಯ ಶುಭಾಶಯ, ಹೊಸ ಮಾಲು ಇಳಿದ ಫೋಟೋ, ಮೆಕ್ಯಾನಿಕ್ ಹೊಲದಲ್ಲಿ ಕೆಲಸ ಮಾಡುವ ವಿಡಿಯೋ, ಇವಕ್ಕೆ ಕೇಳುವುದೇ ಬೇಡ ಎಂದು ಬರೆದುಕೊಡಿ. ಬೆಲೆ, ರಿಯಾಯಿತಿ, ವಾರಂಟಿ, ಸಬ್ಸಿಡಿ, ಬೇರೆ ಕಂಪನಿಯ ಹೆಸರೆತ್ತಿ ಹೋಲಿಕೆ, ಈ ಐದಕ್ಕೆ ಮಾತ್ರ ಮೊದಲು ತೋರಿಸಲಿ. ಅದಕ್ಕೆ ನಿಮ್ಮ ಕಡೆಯಿಂದ ಒಂದು ಕೆಲಸದ ದಿನದೊಳಗೆ ಉತ್ತರ ಹೋಗಬೇಕು. ಎರಡು ಸಲ ತಡವಾದರೆ ಮೂರನೇ ಸಲ ಅವರು ಕೇಳುವುದಿಲ್ಲ, ಅದರಲ್ಲಿ ತಪ್ಪು ಅವರದಲ್ಲ.

ಪರಿಶೀಲನೆಯನ್ನು ವಾರಕ್ಕೆ 12 ಅಂಗಡಿಯಂತೆ ಹಂಚಿಕೊಂಡರೆ ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ. ಮೊದಲು ಪುಟದಲ್ಲಿರುವ ನಂಬರಿಗೆ ಫೋನ್ ಮಾಡಿ. ಯಾರೂ ಎತ್ತದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಆಮೇಲೆ ಹೆಸರು, ಸಮಯ, ಮೇಲಿನ ಐದು ವಿಷಯಗಳ ಪೋಸ್ಟುಗಳನ್ನು ನೋಡಿ. ವಾರಂಟಿ, ಐಎಸ್‌ಐ, ಸಬ್ಸಿಡಿ, ಲಾಂಛನದ ತಪ್ಪಿದ್ದರೆ ಅವತ್ತೇ ಫೋನ್ ಮಾಡಿ ತೆಗೆಸಿ. ಹಳೆಯ ಲೋಗೋ, ಹೆಸರಿನ ಕಾಗುಣಿತಕ್ಕೆ 7 ದಿನ ಕೊಡಿ, ಜೊತೆಗೆ ಸರಿಯಾದ ಫೈಲ್ ಕಳಿಸಿ. ಗಣೇಶನ ಚಿತ್ರ ದೊಡ್ಡದಾಯಿತು, ಬಣ್ಣ ಹೆಚ್ಚಾಯಿತು ಎಂಬಂಥವನ್ನು ನೋಡಿಯೂ ಸುಮ್ಮನಿರಿ. ಹತ್ತು ಸಣ್ಣ ತಪ್ಪು ಎತ್ತಿ ಆಡಿದರೆ ಹನ್ನೊಂದನೆಯದಾಗಿ ಹೇಳುವ ವಾರಂಟಿಯ ಮಾತೂ ಅವರ ಕಿವಿಗೆ ಬೀಳುವುದಿಲ್ಲ.

ಬಿಗಿ ಹೆಚ್ಚಾಗಿದೆಯೇ ಎಂದು ತಿಳಿಯಲು ನಿಮ್ಮ ಹೆಸರು ಮತ್ತು ಊರಿನ ಹೆಸರು ಸೇರಿಸಿ ಮ್ಯಾಪಿನಲ್ಲಿ ಹುಡುಕಿ. ಒಂದೇ ಶೋರೂಂಗೆ ಎರಡು ಪ್ರೊಫೈಲ್ ಕಂಡರೆ, ನಿಮ್ಮದರಲ್ಲಿ ಉಸಿರುಕಟ್ಟಿ ಡೀಲರ್ ತನ್ನದೊಂದು ಮಾಡಿಕೊಂಡಿದ್ದಾನೆ ಎಂದೇ ಬಹುಪಾಲು ಅರ್ಥ. ಅದನ್ನು ಅಳಿಸಿ ಬೈಯುವ ಮೊದಲು ಅಲ್ಲಿ ಅವನು ಏನು ಹಾಕಿದ್ದಾನೆ ನೋಡಿ. ನಿಮ್ಮ ಫಾರಂನಲ್ಲಿ ಇಲ್ಲದ ಜಾಗ ಯಾವುದೆಂದು ಅದೇ ಹೇಳುತ್ತದೆ. ಸಡಿಲ ಹೆಚ್ಚಾದರೆ ಸುಳಿವು ಬೇರೆ ಕಡೆಯಿಂದ ಬರುತ್ತದೆ: ನೀವು ಕೊಡದ ರಿಯಾಯಿತಿ, ನೀವು ಹೇಳದ ವಾರಂಟಿ ಕೇಳಿಕೊಂಡು ಹೆಡ್ ಆಫೀಸಿಗೆ ಫೋನ್ ಬರತೊಡಗುತ್ತವೆ.

ಡೀಲರ್ ಬದಲಾದಾಗ

ಇದನ್ನು ಕರಾರು ಬರೆಯುವ ದಿನವೇ ಬರೆದಿಡಬೇಕು, ಮುರಿದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಶೋರೂಂ ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ಹೊಸಬರ ಕೈಗೆ ಹೋದರೆ ಪ್ರೊಫೈಲ್ ಮುಂದುವರಿಯಲಿ, ಹಳೆಯ ಮ್ಯಾನೇಜರ್ ಹಕ್ಕು ತೆಗೆದು ಹೊಸಬರಿಗೆ ಕೊಡಿ, ಫೋನ್ ನಂಬರ್ ಅವತ್ತೇ ಬದಲಿಸಿ. ಹೊಸ ಡೀಲರ್ ಬೇರೆ ರಸ್ತೆಯಲ್ಲಿ ಬೇರೆ ಅಂಗಡಿ ತೆರೆದರೆ ಹಳೆಯದನ್ನು 'ಶಾಶ್ವತವಾಗಿ ಮುಚ್ಚಿದೆ' ಎಂದು ಗುರುತಿಸಿ ಹೊಸ ಪ್ರೊಫೈಲ್ ಮಾಡಿಸಿ. ಹಳೆಯವರ ರಿವ್ಯೂಗಳನ್ನು ಹೊಸ ಅಂಗಡಿಗೆ ದಾಟಿಸಲು ವಿಳಾಸ ತಿದ್ದಬೇಡಿ, ಅವು ಬೇರೆಯವರ ಕೆಲಸಕ್ಕೆ ಬಂದ ಮಾತುಗಳು. 38 ಅಂಗಡಿಗಳಲ್ಲೊಬ್ಬರು ನಿಮ್ಮ ಡೀಲರ್‌ಶಿಪ್ ಬಿಟ್ಟರೆ ಅವರ ಪ್ರೊಫೈಲ್ ಅವರಿಗೇ ಇರುತ್ತದೆ. ಕರಾರಿನಲ್ಲಿ ಇಷ್ಟು ದಿನದೊಳಗೆ ಎಂದು ಬರೆದಂತೆ ನಿಮ್ಮ ಲೋಗೋ, ಮಾಲಿನ ಫೋಟೋಗಳನ್ನು ತೆಗೆಯಬೇಕು. ನಿಮ್ಮ ವೆಬ್‌ಸೈಟಿನ ಊರ ಪುಟವನ್ನು ಮಾತ್ರ ಹೊಸ ಡೀಲರ್ ಸಿಗುವವರೆಗೆ ಖಾಲಿ ಬಿಡಬೇಡಿ. ಹತ್ತಿರದ ಎರಡು ಊರುಗಳ ಅಂಗಡಿ, ಆ ಊರಿಗೆ ಬರಲೊಪ್ಪುವ ಮೆಕ್ಯಾನಿಕ್ ಇರುವ ಡೀಲರ್‌ನ ನಂಬರ್ ಹಾಕಿ. ಹಿಂದಿನ ವರ್ಷ ಅಲ್ಲಿ ಮೋಟರ್ ಕೊಂಡವರ ವಾರಂಟಿ ಇನ್ನೂ ನಡೆಯುತ್ತಿರುತ್ತದೆ.